ಒಂದು ಸಲಕ್ಕೆ ಒಂದೇ ತಪ್ಪು

ಖರೀದಿ ಸಮಿತಿಯ ಗುಮಾಸ್ತರಾಗಿದ್ದ ಹದಿನೆಂಟು ವರ್ಷ ಷರಾ ಸಾರ್ ಒಂದು ವ್ರತ ಪಾಲಿಸಿದರು. ಬೇಡಿಕೆ ಪತ್ರದಲ್ಲಿ ಎಷ್ಟೇ ತಪ್ಪಿರಲಿ, ಒಂದು ಸಲಕ್ಕೆ ಒಂದೇ ತಪ್ಪು ತೋರಿಸಿ ವಾಪಸ್ ಕಳಿಸುವುದು. ಎಲ್ಲವನ್ನೂ ಒಮ್ಮೆಗೇ ಹೇಳಿಬಿಟ್ಟರೆ ಕಡತ ಮತ್ತೆ ಬರುವುದೇಕೆ? ಕಡತವೇ ಬರದಿದ್ದರೆ ಗುಮಾಸ್ತನಾದರೂ ಏಕೆ? ಕೆಂಪು ಶಾಯಿಯಲ್ಲಿ ಷರಾ ಬರೆದೂ ಬರೆದೂ ಅವರ ನಿಜವಾದ ಹೆಸರು ಎಲ್ಲರಿಗೂ ಮರೆತುಹೋಗಿತ್ತು.

ನಿವೃತ್ತಿಗೆ ಎರಡು ವರ್ಷವಿರುವಾಗ ಹೆರಿಗೆ ಆಸ್ಪತ್ರೆಯ ಉಗ್ರಾಣಕ್ಕೆ ವರ್ಗವಾಯಿತು. ಮೊದಲ ದಿನವೇ ಹೆಡ್ ನರ್ಸ್ ಒಂದು ಕಡತ ತಂದು ಮೇಜಿನ ಮೇಲೆ ಕುಕ್ಕಿದರು. ಉಪಕರಣಗಳನ್ನು ಹಬೆಯಲ್ಲಿ ಶುದ್ಧಿ ಮಾಡುವ ಆಟೋಕ್ಲೇವ್ ಬೇಕೆಂದು ಕೇಳಿ ಮೂರು ಸಲ ವಾಪಸಾಗಿದ್ದ ಕಡತ. ಮೂರೂ ಷರಾಗಳು ಷರಾ ಸಾರ್ ಅವರ ಕೈಬರಹವೇ: ಮೊದಲು 'ಸಮರ್ಥನೆ ಸಾಲದು', ಆಮೇಲೆ 'ಯಂತ್ರದ ವಿವರ ಸಾಲದು', ಕೊನೆಗೆ 'ಶೀರ್ಷಿಕೆ ತಪ್ಪು'.

"ಹಳೇದು ವಾರಕ್ಕೆರಡು ಸಲ ಕೈ ಕೊಡುತ್ತೆ ಸಾರ್. ಆವತ್ತು ಆಪರೇಷನ್ ಆಗ್ಬೇಕಾದ ಬಸುರಿಯರನ್ನ ಬೇರೆ ಆಸ್ಪತ್ರೆಗೆ ಸಾಗಿಸ್ತೀವಿ. ಸಮಿತಿಯ ಈ ಸಭೆ ತಪ್ಪಿದ್ರೆ ಆರ್ಥಿಕ ವರ್ಷ ಮುಗಿದು ಅನುದಾನಾನೂ ಹೋಗುತ್ತೆ."

ಷರಾ ಸಾರ್ ತಮ್ಮ ಷರಾಗಳಿಗೆ ತಾವೇ ಕೂತು ಉತ್ತರ ಬರೆದರು. ಸಮರ್ಥನೆಯ ಜಾಗದಲ್ಲಿದ್ದ 'ಅತ್ಯವಶ್ಯಕ' ಎಂಬ ಪದ ಹೊಡೆದು ಹಾಕಿ, ತಿಂಗಳಿಗೆ ಎಷ್ಟು ಹೆರಿಗೆ, ಯಂತ್ರ ಎಷ್ಟು ದಿನ ಕೆಟ್ಟಿತ್ತು, ಎಷ್ಟು ಜನರನ್ನು ಸಾಗಿಸಿದರು ಎಂದು ದಾಖಲೆ ಪುಸ್ತಕದಿಂದ ಎತ್ತಿ ಬರೆದರು. ಹಳೆಯದು ರಿಪೇರಿಗೆ ತಕ್ಕುದಲ್ಲವೆಂಬ ಎಂಜಿನಿಯರರ ಪತ್ರ ಲಗತ್ತಿಸಿದರು. ಡಾಕ್ಟರರು ನಿಯಮ ಮೀರಿ ಬರೆದಿದ್ದ ಕಂಪನಿಯ ಹೆಸರು ತೆಗೆದು, ಅಳತೆ, ಉಷ್ಣತೆ, ಸುರಕ್ಷತಾ ವಾಲ್ವ್, ಅಳವಡಿಕೆ, ತರಬೇತಿ, ವಾರಂಟಿ ಇಷ್ಟನ್ನು ನಮೂದಿಸಿದರು. ಖರ್ಚನ್ನು 'ದುರಸ್ತಿ' ಲೆಕ್ಕಶೀರ್ಷಿಕೆಯಿಂದ ತೆಗೆದು 'ಯಂತ್ರೋಪಕರಣ' ಶೀರ್ಷಿಕೆಗೆ ಹಾಕಿ, ಅದರಲ್ಲಿ ಅನುದಾನ ಉಳಿದಿದೆಯೆಂದು ಲೆಕ್ಕಶಾಖೆಯ ಸಹಿ ಪಡೆದರು.

ಸಭೆಯ ಸಂಜೆ ಸಮಿತಿಯ ಹೊಸ ಗುಮಾಸ್ತ ಫೋನ್ ಮಾಡಿದ. "ಸಾರ್, ತಲೆಕೆಳಗಾಗಿ ಹುಡುಕಿದೆ, ಒಂದು ತಪ್ಪೂ ಸಿಗ್ಲಿಲ್ಲ. ನಾಲ್ಕು ನಿಮಿಷಕ್ಕೆ ಪಾಸಾಯ್ತು. ಉಳಿದ ಹೊತ್ತು ಏನು ಮಾಡ್ಬೇಕೂಂತ ತಿಳೀದೆ ಸದಸ್ಯರೆಲ್ಲ ಎರಡೆರಡು ಸಲ ಟೀ ಕುಡಿದ್ರು."

ಷರಾ ಸಾರ್ ಎದೆಯುಬ್ಬಿಸಿಕೊಂಡು ವಾರ್ಡಿಗೆ ಹೋಗಿ ಸುದ್ದಿ ಹೇಳಿದರು. ಹೆಡ್ ನರ್ಸ್ ಕುರ್ಚಿಯ ಮೇಲೆ ಕುಸಿದು ಕೂತು, ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು:

"ಈ ಮೂರು ತಪ್ಪನ್ನೂ ಮೊದಲನೇ ಸಲಾನೇ ಒಟ್ಟಿಗೆ ಹೇಳಿದ್ರೆ ಆಗ್ತಿರ್ಲಿಲ್ವಾ ಸಾರ್? ಒಂಬತ್ತು ತಿಂಗಳಾಯ್ತಲ್ಲ."

ಬೇರೆ ಆಸ್ಪತ್ರೆಗೆ ಸಾಗಿಸಿದವರ ಲೆಕ್ಕವನ್ನು ಷರಾ ಸಾರ್ ತಾವೇ ಬರೆದಿದ್ದರಲ್ಲ, ನಲವತ್ತೊಂದು ಜನ. ನಾಚಿಕೆಯಿಂದ ತಲೆ ತಗ್ಗಿತು.

ಮಾರನೇ ದಿನವೇ ಸಮಿತಿಗೊಂದು ಪತ್ರ ಬರೆದರು: ಇನ್ನು ಮುಂದೆ ಬೇಡಿಕೆ ಪತ್ರದ ತಪ್ಪುಗಳನ್ನೆಲ್ಲ ಒಮ್ಮೆಗೇ ತಿಳಿಸಬೇಕು.

ಮೂರು ತಿಂಗಳಿಗೆ ಪತ್ರ ವಾಪಸ್ ಬಂತು. ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಒಂದೇ ಷರಾ: 'ಸಮರ್ಥನೆ ಸಾಲದು.'