ಹದಿಮೂರನೆಯ ಸ್ಥಳದಲ್ಲಿ ಗಂಜಿ

ಊದಿ ಆರಿಸಿದ ಮೇಣದಬತ್ತಿಯ ಹೊಗೆಗೆ ಒಂದು ವಾಸನೆ ಉಂಟು. ನನಗೆ ಅದು ತಪಸ್ಸು ಕಾಲದ, ಈಸ್ಟರಿಗೆ ಮುಂಚಿನ ಉಪವಾಸದ ವಾರಗಳ, ಶುಕ್ರವಾರದ ವಾಸನೆ. ಈ ವರ್ಷ ಅದು ನನ್ನನ್ನು ಹುಡುಕಿಕೊಂಡು ಸೀರೆಯ ಕಪಾಟಿಗೇ ಬಂತು. ತಂಗಿಯ ಮಗಳು ಪ್ರೆಸಿಲ್ಲಾ ಮೊಬೈಲಿನಲ್ಲಿ ನೋಡುವಂಥ ಶಿಲುಬೆಯ ಹಾದಿಯ ಕಿರುಚಿತ್ರ ಮಾಡುತ್ತಿದ್ದಳು, ತೀರ್ಪಿನಿಂದ ಸಮಾಧಿಯವರೆಗೆ ಹದಿನಾಲ್ಕು ಸ್ಥಳಗಳ ಪ್ರಾರ್ಥನೆ. ಯೇಸುಸ್ವಾಮಿ ಇಡೀ ಮಧ್ಯಾಹ್ನ ಸತ್ತದ್ದನ್ನು ಮೂರು ನಿಮಿಷದಲ್ಲಿ ಮುಗಿಸಬೇಕು, ಒಂದೊಂದು ಸ್ಥಳಕ್ಕೆ ಹನ್ನೆರಡು ಸೆಕೆಂಡು. ನಿವೃತ್ತ ಕನ್ನಡ ಟೀಚರಾದ ನನ್ನ ಗಂಟಲು ಈ ಪುಣ್ಯಕಾರ್ಯಕ್ಕೆ ನೇಮಕವಾಗಿತ್ತು. ಕೋಣೆಯಲ್ಲಿ ಸ್ವರ ಮಾರ್ದನಿಸುತ್ತದೆಂದು ನನ್ನನ್ನು ಸ್ಟೂಲಿನಲ್ಲಿ ಕೂರಿಸಿ, ತಲೆಯನ್ನು ಸೀರೆಗಳ ನಡುವೆ ತೂರಿಸಿದ್ದಳು. "ಮಾವ್ಶಿ, ನಾಟಕದ ಸ್ವರ ಬೇಡ. ಕಾಗದ ಓದಿದ ಹಾಗೆ ಓದಿ. ಅಳುವುದು ನೋಡುವವರ ಕೆಲಸ."

ಕಿಟಕಿಗೆ ಕಪ್ಪು ಹೊದಿಕೆ ಕಟ್ಟಿ, ಒಂದೇ ಬತ್ತಿಯನ್ನು ಬದಿಯಲ್ಲಿಟ್ಟು, ಸ್ಥಳಕ್ಕೊಂದು ವಸ್ತುವನ್ನಷ್ಟೇ ಅವಳು ಚಿತ್ರಿಸಿದ್ದಳು. ಮೊದಲನೆಯದಕ್ಕೆ ತೀರ್ಪು ಕೊಟ್ಟವನು ಬೋಗುಣಿಯಲ್ಲಿ ತೊಳೆದುಕೊಳ್ಳುವ ಎರಡು ಕೈಗಳು, ಮೂರನೆಯದಕ್ಕೆ ಮಣ್ಣಿಗೆ ಊರಿದ ಮೊಣಕಾಲು, ಆರನೆಯದಕ್ಕೆ ಸ್ವಾಮಿಯ ಮುಖ ಒರೆಸಿದ ವೆರೋನಿಕಾಳ ಒದ್ದೆ ಬಟ್ಟೆ, ಹನ್ನೊಂದನೆಯದಕ್ಕೆ ಮೂರು ಮೊಳೆ. ಮುಖ ಇಲ್ಲ, ಸಂಗೀತ ಇಲ್ಲ. ಮೊಬೈಲಿನ ಉದ್ದ ಚೌಕಟ್ಟಿನಲ್ಲಿ ಶಿಲುಬೆಯ ಎರಡೂ ತೋಳು ಹೊರಗೆ ಉಳಿದವು. ರೋಮನರಿಗೂ ತೋಚದ ಶಿಕ್ಷೆ. ಹನ್ನೆರಡನೆಯದು, ಸ್ವಾಮಿ ಪ್ರಾಣ ಬಿಡುವುದು. ಅದಕ್ಕೆ ಅವಳು ಬತ್ತಿಯನ್ನು ಊದಿ, ಕತ್ತಲಿಗೆ ಏರುವ ಹೊಗೆಯನ್ನು ಹಿಡಿದಳು. ಆ ವಾಸನೆಯಲ್ಲೇ ನಾನು ಓದತೊಡಗಿದೆ. ಹನ್ನೆರಡರವರೆಗೆ ಏನೂ ತೊಂದರೆಯಾಗಲಿಲ್ಲ. "ಹದಿಮೂರನೆಯ ಸ್ಥಳ, ಯೇಸುವಿನ ದೇಹವನ್ನು ಶಿಲುಬೆಯಿಂದ ಇಳಿಸಿ" ಎಂಬಲ್ಲಿ ಸ್ವರ ನಿಂತಿತು. ಮತ್ತೆ ಓದಿದೆ, ಅಲ್ಲೇ ನಿಂತಿತು; ತಾಯಿಯ ಮಡಿಲಲ್ಲಿ ಇಡುತ್ತಾರೆ ಎಂಬ ಉಳಿದ ಅರ್ಧ ಹೊರಡಲಿಲ್ಲ. ಒಂದು ಮಳೆಗಾಲದ ನಂತರ ಆ ವಾಕ್ಯ ನಮ್ಮ ಮನೆಯಲ್ಲಿ ಯಾವತ್ತೂ ಪೂರ್ತಿಯಾದದ್ದಿಲ್ಲ.

ನಾವು ಹುಟ್ಟಿ ಬೆಳೆದ ವರ್ಕಾಡಿ ಊರಿನ ಆ ಮನೆಯ ಗೋಡೆಯಲ್ಲಿ ಹದಿನಾಲ್ಕು ಮೊಳೆಗಳಿದ್ದವು, ಮೊಳೆಗೊಂದು ಒಣಗಿದ ಗರಿಯ ಶಿಲುಬೆ. ಶುಕ್ರವಾರ ಸಂಜೆ ಪಪ್ಪ ಪುಸ್ತಕ ಹಿಡಿದು ಮುಂದೆ, ಅಮ್ಮ ಅಂದರೆ ನಮ್ಮ ಮಾಂಯ್, ವಿಲ್ಲಿಯಣ್ಣ, ನಾನು, ತಂಗಿ ಹಿಂದೆ. ಪ್ರತಿ ಸ್ಥಳದಲ್ಲೂ ಒಂದು ಮೊಣಕಾಲು ಊರಿ "ನಿಮ್ಮನ್ನು ಆರಾಧಿಸುತ್ತೇವೆ" ಎನ್ನುವುದು, ಪಪ್ಪ ಧ್ಯಾನ ಓದುವುದು, ಪರಲೋಕದ ತಂದೆಯ ಜಪ, ನಮೋ ಮರಿಯಾ, ಮತ್ತೆ ಎದ್ದು ನಾಲ್ಕು ಹೆಜ್ಜೆ. ಹನ್ನೆರಡನೆಯದು ಉಪ್ಪಿನಕಾಯಿ ಭರಣಿಯ ಮೇಲಿತ್ತು. ಸ್ವಾಮಿಯ ಮರಣ ನನಗೆ ಬಹುಕಾಲ ಮಿಡಿಮಾವಿನ ಪರಿಮಳದಲ್ಲಿ ನಡೆಯಿತು. ಹದಿಮೂರನೆಯದು ಅಡುಗೆಮನೆಯ ಬಾಗಿಲಲ್ಲಿ. ಅದೇ ಬಾಗಿಲಲ್ಲಿ, ಆ ಮಳೆಗಾಲ, ವಿಲ್ಲಿಯಣ್ಣನನ್ನು ಹಲಗೆಯ ಮೇಲೆ ತಂದು ಇಳಿಸಿದರು. ತಪ್ಪಿಸಿಕೊಂಡ ದನವನ್ನು ತರಲು ಪಪ್ಪ ಅವನನ್ನು ಕಳಿಸಿದ್ದರು. ಕೆಂಪುಕಲ್ಲು ಕಡಿದ ಕೋರೆಯ ಹೊಂಡದಲ್ಲಿ ಆಳೆತ್ತರ ಮಳೆನೀರು ನಿಂತಿತ್ತು. ದನ ತಾನಾಗಿಯೇ ಮನೆಗೆ ಬಂತು. ಮಾಂಯ್ ಹೊಸ್ತಿಲಲ್ಲಿ ಕೂತು, ಅವನ ತಲೆಯನ್ನು ಮಡಿಲಲ್ಲಿಟ್ಟುಕೊಂಡು, ಸಂಜೆಯವರೆಗೆ ಯಾರಿಗೂ ಬಿಟ್ಟುಕೊಡಲಿಲ್ಲ.

ಮುಂದಿನ ತಪಸ್ಸು ಕಾಲದಲ್ಲಿ ಪಪ್ಪ ಹದಿಮೂರನೆಯದರ ಮುಂದೆ ಬಾಯಿ ತೆರೆದಾಗ ಮಾಂಯ್ ಎದ್ದಳು. "ಗಂಜಿ ಉಕ್ಕುತ್ತದೋ ಏನೋ, ನೋಡಿ ಬರ್ತೇನೆ." ಒಲೆ ಹಚ್ಚಿರಲೇ ಇಲ್ಲ, ಉಪವಾಸದ ದಿನ. ಪಪ್ಪ ಬೆರಳಿಟ್ಟು ಪುಸ್ತಕ ಮುಚ್ಚಿ, ತಲೆ ತಗ್ಗಿಸಿ ನಿಂತರು. ಅವಳು ಬಂದ ಮೇಲೆ ಹದಿನಾಲ್ಕನೆಯದನ್ನು ಓದಿದರು. ಆಮೇಲೆ ಅವರಿಬ್ಬರೂ ಇರುವವರೆಗೆ ಅದೇ ಪದ್ಧತಿ. ಆಗಿನ್ನೂ ಚಿಕ್ಕವಳಾಗಿದ್ದು, ಇದು ಇಡೀ ಕ್ರೈಸ್ತ ಲೋಕದ ಕ್ರಮವೆಂದೇ ತಿಳಿದಿದ್ದ ನಾನು, ಧರ್ಮೋಪದೇಶದ ಕ್ಲಾಸಿನಲ್ಲಿ ಸಿಸ್ಟರ್ ಹದಿಮೂರನೆಯ ಸ್ಥಳ ಯಾವುದೆಂದು ಕೇಳಿದಾಗ ಎದ್ದು ನಿಂತು, "ಗಂಜಿ ನೋಡುವುದು" ಎಂದೆ. ಸಿಕ್ಕಿದ ಎರಡು ಪೆಟ್ಟನ್ನು ಯಥೋಚಿತ ಗಾಂಭೀರ್ಯದಿಂದ ಸ್ವೀಕರಿಸಿದೆ. ಮನೆಯಲ್ಲಿ ಹೇಳಲಿಲ್ಲ.

"ಎಂತಾಯ್ತು ಮಾವ್ಶಿ?" ಎಂದಳು ಪ್ರೆಸಿಲ್ಲಾ. ಕಪಾಟಿನಿಂದ ತಲೆ ತೆಗೆಯದೆಯೇ ಬಾಗಿಲು, ಮಡಿಲು, ಗಂಜಿ, ಎಲ್ಲ ಹೇಳಿದೆ, ಕೋರೆಯೊಂದನ್ನು ಬಿಟ್ಟು. ಸೀರೆಗಳಿಗೆ ಹೇಳುವುದು ಸುಲಭ. ಹದಿಮೂರನೆಯದನ್ನು ಮಾತಿಲ್ಲದೆ ಬಿಡು ಎಂದೆ.

"ಸೌಂಡ್ ಹೋಯ್ತು ಅಂತ ಜನ ಮುಂದಕ್ಕೆ ತಳ್ಳಿಬಿಡ್ತಾರೆ."

"ತಳ್ಳಲಿ. ನಾವೂ ಮುಂದಿನದಕ್ಕೇ ಹೋಗುತ್ತಿದ್ದೆವು ಮಾರಾಯ್ತಿ."

ಅವಳು ಬತ್ತಿಯನ್ನು ಮತ್ತೆ ಹಚ್ಚಿದಳು. ನನ್ನದೇ ಕಪ್ಪು ಸೀರೆ ಹೊದ್ದು ಕೂತು, ಮಡಿಲನ್ನು ಮಾತ್ರ ಚೌಕಟ್ಟಿಗೆ ಹಿಡಿದಳು, ಖಾಲಿ ಮಡಿಲು. ಸ್ವರ ಪೂರಾ ತೆಗೆದರೆ ಯಂತ್ರ ಕೆಟ್ಟ ಹಾಗೆ ಕೇಳುತ್ತದೆಂದು, ಕೋಣೆಯ ಮೌನವನ್ನೇ ಹನ್ನೆರಡು ಸೆಕೆಂಡು ರೆಕಾರ್ಡ್ ಮಾಡಿದಳು. ನಾವಿಬ್ಬರೂ ಉಸಿರು ಬಿಗಿಹಿಡಿದು ಕೂತೆವು.

ಹದಿನಾಲ್ಕನೆಯದು, ಸಮಾಧಿ, ಮೊದಲೇ ತಯಾರಿತ್ತು. "ಒಳ್ಳೆ ಜಾಗ ಸಿಕ್ಕಿತು ಮಾವ್ಶಿ, ವರ್ಕಾಡಿಯಲ್ಲೇ," ಎಂದು ಮೊಬೈಲ್ ಕೈಗಿತ್ತಳು. ಮುಸ್ಸಂಜೆಯಲ್ಲಿ ಆಳವಾದ ಕೆಂಪುಕಲ್ಲಿನ ಕೋರೆ, ಗರಗಸದ ಗೆರೆಗಳ ನೆಟ್ಟನೆಯ ಗೋಡೆ. ಮೇಲಿನ ಅಂಚಿನಲ್ಲಿ ಒಂದು ಬಾವಿಯ ಅರ್ಧ ಸುತ್ತು ಉಳಿದಿತ್ತು. ಮಾಂಯ್ ನೀರು ಸೇದುತ್ತಿದ್ದ ಬಾವಿ. ನಾವು ಮನೆ ಮಾರಿದ ಮೇಲೆ, ವಿಲ್ಲಿಯಣ್ಣನನ್ನು ನುಂಗಿದ ಅದೇ ಕೋರೆ ಬೆಳೆಯುತ್ತಾ ಬಂದು ಮನೆಯನ್ನೂ ಮುಗಿಸಿತ್ತು. ಪ್ರೆಸಿಲ್ಲಾ ಹುಟ್ಟುವ ಮೊದಲಿನ ಮಾತು. ಅವಳಿಗೆ ನಾನು ಹೇಳಲಿಲ್ಲ. ಸೀರೆಗಳ ನಡುವೆ ತಲೆ ತೂರಿಸಿ, ಕಾಗದ ಓದಿದ ಹಾಗೆ ಓದಿದೆ. ಒಂದೇ ಸಲಕ್ಕೆ ಸರಿ ಬಂತು.