ಅಮ್ಮ ಬಿಡಿಸಿದ ಸೈನ್ ನಾಲ್ಕು

ಅಮ್ಮನಿಗೆ ಪಾರ್ಶ್ವವಾಯು ಬಡಿದು ಬಲಗೈ, ಬಲಗಾಲು ಬಿದ್ದುಹೋದದ್ದಕ್ಕಿಂತ ನಮ್ಮನ್ನು ಕಂಗೆಡಿಸಿದ್ದು ಅವಳ ಮಾತು ನಿಂತದ್ದು. ಪಿಯು ಕಾಲೇಜಿನಲ್ಲಿ ಬದುಕಿಡೀ ಗಣಿತ ಕಲಿಸಿದವಳು. ಕೊನೆಯ ಬೆಂಚಿನವರೆಗೂ ಮುಟ್ಟುತ್ತಿದ್ದ ಗಂಟಲು ಅದು. ಆಸ್ಪತ್ರೆಯಿಂದ ಶಕ್ತಿನಗರದ ಮನೆಗೆ ಕರೆತಂದ ಮೇಲೆ ತುಳುವೂ ಇಲ್ಲ, ಕನ್ನಡವೂ ಇಲ್ಲ. ನೀರು ಬೇಕಾ ಎಂದು ಕೇಳಿದರೆ ಆ ಪ್ರಶ್ನೆಯೇ ಅವಳಿಗೆ ತಲುಪುತ್ತಿರಲಿಲ್ಲ. ಲೋಟ ತೋರಿಸಬೇಕಿತ್ತು. ಒಳಗೆ ಏನೂ ಉಳಿದಿಲ್ಲ ಎಂದೇ ನಾನು ನಂಬಿಬಿಟ್ಟಿದ್ದೆ.

ನನ್ನ ಮಗಳು ಆಗ ಎರಡನೇ ಪಿಯು. ಕಾಲೇಜು ಬಿಟ್ಟು ಬಂದವಳು ಅಜ್ಜಿಯ ಮಂಚದ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಓದುತ್ತಿದ್ದಳು. ನಾನು ಕಾಮರ್ಸ್ ಓದಿದವಳು, ಅವಳ ಲೆಕ್ಕಕ್ಕೆ ನನ್ನಿಂದ ಉಪಯೋಗವಿಲ್ಲ. ಇಲ್ಲಿ ಹೇಳುವ ಲೆಕ್ಕದ ಹೆಜ್ಜೆಗಳೆಲ್ಲ ಅವಳು ಆಮೇಲೆ ನನಗೆ ಬಿಡಿಸಿ ಹೇಳಿದ್ದು.

ಆ ಸಂಜೆ ನಾನು ಅಮ್ಮನಿಗೆ ಗಂಜಿ ತಿನ್ನಿಸುತ್ತಿದ್ದೆ. ಮಗಳು ಇಂಟಿಗ್ರೇಶನ್ ಮಾಡುತ್ತ, ತನ್ನಷ್ಟಕ್ಕೆ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದಳು. ಸೈನ್‌ನ ಐದನೇ ಘಾತ ಸಲೀಸಾಗಿ ಬಂತು. ಐದರಲ್ಲಿ ಒಂದು ಸೈನ್ ಬೇರೆ ಇಡುವುದು, ಉಳಿದ ನಾಲ್ಕನ್ನು ಕಾಸ್‌ಗೆ ಬದಲಿಸುವುದು, ಬೇರೆ ಇಟ್ಟ ಸೈನ್ ಕಾಸ್‌ನ ಡಿಫರೆನ್ಶಿಯಲ್ ಆಗಿ ಕೆಲಸಕ್ಕೆ ಬರುವುದು. ಮುಂದಿನ ಲೆಕ್ಕ ಸೈನ್‌ನ ನಾಲ್ಕನೇ ಘಾತ. ಅದೇ ದಾರಿ ಹಿಡಿದಳು. ಒಂದನ್ನು ಬೇರೆ ಇಟ್ಟಳು, ಮೂರು ಉಳಿಯಿತು. ಮೂರನ್ನು ಕಾಸ್‌ಗೆ ಬದಲಿಸಲು ಹೋದರೆ ವರ್ಗಮೂಲ ಬಂದು ಕೂತಿತು.

"ಇದು ಎಂತ ಮಾರಾಯ, ಮುಂದೆ ಹೋಗುವುದೇ ಇಲ್ಲ," ಎಂದು ನೋಟ್‌ಪುಸ್ತಕವನ್ನು ಮಂಚದ ಮೇಲೆ ಹಾಕಿದಳು.

ಅಮ್ಮನ ಎಡಗೈ ನನ್ನ ಚಮಚವನ್ನು ಪಕ್ಕಕ್ಕೆ ತಳ್ಳಿತು. ಗಂಜಿ ಹೊದಿಕೆಯ ಮೇಲೆ ಚೆಲ್ಲಿತು. ಬೇಡವೇನೋ ಎಂದು ನಾನು ಬಟ್ಟೆ ತರಲು ಎದ್ದೆ. ತಿರುಗಿ ನೋಡಿದರೆ ಅವಳು ಮಗಳ ಬೆರಳುಗಳ ನಡುವಿನಿಂದ ಪೆನ್ಸಿಲ್ ಎಳೆದುಕೊಳ್ಳುತ್ತಿದ್ದಳು.

ಮೊದಲು, ಬೇರೆ ಇಟ್ಟಿದ್ದ ಆ ಸೈನ್ ಮೇಲೆ ಅಡ್ಡಗೆರೆ ಎಳೆದಳು. ಕೆಳಗೆ ಸೊಟ್ಟ ಸೊಟ್ಟ ಅಕ್ಷರದಲ್ಲಿ ಸೈನ್ ವರ್ಗ ಎಂದು ಬರೆದು, ಅದರ ಬದಲಿಗೆ ಒಂದರಿಂದ ಕಾಸ್ 2x ಕಳೆದು ಎರಡರಿಂದ ಭಾಗಿಸಿದ್ದನ್ನು ಇಟ್ಟಳು. ಅದರ ವರ್ಗ ಮಾಡಿದಳು. ಅಲ್ಲಿ ಕಾಸ್ 2xನ ವರ್ಗ ಹುಟ್ಟಿತು. ಅದನ್ನೂ ಬಿಡದೆ, ಒಂದಕ್ಕೆ ಕಾಸ್ 4x ಕೂಡಿಸಿ ಅರ್ಧ ಮಾಡಿದ್ದಕ್ಕೆ ಬದಲಿಸಿದಳು. ನಾನು ಒದ್ದೆ ಬಟ್ಟೆ ಹಿಡಿದು ನಿಂತೇ ಇದ್ದೆ.

3x/8 − sin 2x/4 + sin 4x/32 + C.

ಮಗಳು ಪಠ್ಯಪುಸ್ತಕದ ಹಿಂದಿನ ಉತ್ತರ ನೋಡಿದಳು.

"ಅಮ್ಮ, ಸರಿ ಉಂಟು. ಪೂರಾ ಸರಿ ಉಂಟು."

"ಬಾಯಿಪಾಠ ಆಗಿರಬಹುದು," ಎಂದೆ. ನಂಬಲು ನನಗೆ ಹೆದರಿಕೆಯಾಗಿತ್ತು. "ಬೇರೆ ಕೊಡು, ನೋಡುವ."

ಸೈನ್ ನಾಲ್ಕನೇ ಘಾತ ಗುಣಿಸು ಕಾಸ್ ಮೂರನೇ ಘಾತ ಎಂದು ಅವಳು ಬರೆದು ಕೊಟ್ಟಳು. ಅಮ್ಮ ಈ ಸಲ ಮೊದಲಿನ ಅರ್ಧಕೋನದ ಸೂತ್ರದ ಕಡೆ ಹೋಗಲೇ ಇಲ್ಲ. ಬೆಸ ಘಾತ ಕಾಸ್‌ನದ್ದು. ಅದರಲ್ಲೇ ಒಂದನ್ನು ಬಿಡಿಸಿಟ್ಟಳು, ಉಳಿದ ಕಾಸ್ ವರ್ಗವನ್ನು ಒಂದರಿಂದ ಸೈನ್ ವರ್ಗ ಕಳೆದದ್ದಾಗಿ ಬರೆದಳು. ಕೊನೆಗೆ ಬಂದದ್ದು, ಸೈನ್ ಐದನೇ ಘಾತ ಭಾಗಿಸು ಐದು, ಕಳೆ, ಏಳನೇ ಘಾತ ಭಾಗಿಸು ಏಳು.

"ಅಜ್ಜಿ ನೋಡಿಯೇ ದಾರಿ ಆರಿಸ್ತಾರೆ ಅಮ್ಮ. ಬಾಯಿಪಾಠ ಅಲ್ಲ."

ಹಾಗಾದರೆ ಇವಳು ಒಳಗೇ ಇದ್ದಾಳೆ, ಇಷ್ಟು ದಿನ ನಮ್ಮನ್ನು ನೋಡುತ್ತಲೇ ಇದ್ದಾಳೆ ಎನಿಸಿತು. ಹಾಳೆ ತಿರುಗಿಸಿ ಅವಳ ಕೈಕೆಳಗಿಟ್ಟೆ. ನನ್ನ ಎದೆಗೆ ಕೈ ಬಡಿದು, "ಅಮ್ಮ, ನನ್ನ ಹೆಸರು ಬರಿ," ಎಂದೆ.

ಅವಳು ನನ್ನ ಬಾಯಿಯನ್ನೇ ನೋಡಿದಳು. ಮತ್ತೆ ಬಡಿದು ತೋರಿಸಿದೆ. ಪೆನ್ಸಿಲ್ ಹಾಳೆಗೆ ತಾಗಿತು. ಒಂದು ಗೆರೆ, ಅದಕ್ಕೊಂದು ಬಳುಕು, ಅಷ್ಟೇ. ಇನ್ನೊಮ್ಮೆ ಶುರು ಮಾಡಿ ಬಿಟ್ಟಳು. ಆಮೇಲೆ ಪೆನ್ಸಿಲ್ ಕೈಬಿಟ್ಟು ಗೋಡೆಯ ಕಡೆ ಮುಖ ಮಾಡಿದಳು. ಸೈನ್ ನಾಲ್ಕು ಬಿಡಿಸಿದ ಅದೇ ಕೈ.

ಮಾತಿನ ತರಬೇತಿ ಕೊಡಲು ಬರುತ್ತಿದ್ದ ಹುಡುಗಿಗೆ ಹಾಳೆ ತೋರಿಸಿದೆ. "ಹೀಗಾಗುವುದು ಉಂಟು ಆಂಟಿ. ಮಾತಿನ ಜಾಗ ಬೇರೆ, ಲೆಕ್ಕದ್ದು ಬೇರೆ. ಒಂದು ಹೋದರೂ ಇನ್ನೊಂದು ಉಳಿಯಬಹುದು," ಎಂದಳು. ಮಾತು ತಿರುಗಿ ಬರುತ್ತದಾ ಎಂದು ಕೇಳಿದ್ದಕ್ಕೆ ಮಾತ್ರ, "ಈಗಲೇ ಹೇಳಲಿಕ್ಕೆ ಆಗುವುದಿಲ್ಲ," ಎಂದಳು.

ಪರೀಕ್ಷೆಯವರೆಗೂ ಮಗಳು ಅಜ್ಜಿಯ ಬಳಿಯೇ ಕಲಿತಳು. ತಪ್ಪಿದಲ್ಲಿ ಅಡ್ಡಗೆರೆ, ಸರಿಯಾದಲ್ಲಿ ಏನೂ ಇಲ್ಲ. ಕಲಿಸುವಾಗ ಅಮ್ಮನ ಮುಖಕ್ಕೆ ಹಳೆಯ ಗತ್ತು ಬರುತ್ತಿತ್ತು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅದು ನನಗೆ ಅಭ್ಯಾಸವೇ ಆಗಲಿಲ್ಲ.

ಈಗ ಕೆಲವು ತುಳು ಶಬ್ದಗಳು ಬಂದಿವೆ. ಬೋಡು, ಬೊಡ್ಚಿ, ಚಾ; ಎಂದರೆ ಬೇಕು, ಬೇಡ, ಚಹಾ. ನನ್ನನ್ನು ಕರೆಯಬೇಕಾದರೆ ಇನ್ನೂ ಮಂಚದ ಕಂಬಿಯನ್ನು ಬಡಿಯುತ್ತಾಳೆ.