ಕಂಚನ್‌ಬಾಯಿ ರದ್ದು ಮಾಡಲಾಗದ ಟಿಕೆಟ್ಟು

ಇಂದೋರಿನ ಮದುವೆಮನೆಗಳಲ್ಲಿ ಸಾಫಾ, ಅಂದರೆ ದಿಬ್ಬಣದ ರುಮಾಲು, ಕಟ್ಟುವವರೆಲ್ಲ ಗಂಡಸರು, ಒಬ್ಬಳನ್ನು ಬಿಟ್ಟು. ಅವಳೇ ಕಂಚನ್‌ಬಾಯಿ ಸೋಲಂಕಿ. ಒಮ್ಮೆ ಸಾಫಾ ಕಟ್ಟಬೇಕಿದ್ದ ಗಂಡ ಜ್ವರದಿಂದ ಮಲಗಿದ್ದಾಗ, ದಿಬ್ಬಣದವರು ಬರಿತಲೆಯಲ್ಲಿ ನಿಂತು ಕೂಗಾಡುವುದನ್ನು ನೋಡಲಾಗದೆ ಅವಳೇ ಹೋಗಿ ಇಪ್ಪತ್ತು ಜನರಿಗೆ ರುಮಾಲು ಸುತ್ತಿ ಬಂದಿದ್ದಳು. ಗಂಡ ತೀರಿಕೊಂಡ ಮೇಲೆ ಅದೇ ಅವಳ ಹೊಟ್ಟೆಪಾಡಾಯಿತು. ಅವಳು ಕಟ್ಟಿದ ಸಾಫಾ ಹಾಕಿಕೊಂಡು ಕುದುರೆ ಹತ್ತಿದ ಮದುಮಗ ಕೆಳಗೆ ಬೀಳಬಹುದೇ ಹೊರತು ಸಾಫಾ ಬೀಳದು ಎಂದು ಊರು ನಗುತ್ತಿತ್ತು.

ಮನೆಯಲ್ಲಿ ಇದ್ದವರು ಇಬ್ಬರೇ, ಅವಳು ಮತ್ತು ಗಂಡನ ಅಕ್ಕ ಗುಲಾಬ್ ಜೀಜಿ. ಜೀಜಿಗೆ ಎಪ್ಪತ್ತರ ಹತ್ತಿರ ವಯಸ್ಸು, ಮಂಡಿನೋವು, ಹಾಗೂ ಒಂದೇ ಒಂದು ಆಸೆ: ಪುರಿಗೆ ಹೋಗಿ ಜಗನ್ನಾಥನನ್ನೂ ಸಮುದ್ರವನ್ನೂ ನೋಡಬೇಕು. ಸಮುದ್ರವನ್ನು ಇಬ್ಬರೂ ಕಂಡವರಲ್ಲ. ಕಂಚನ್ ನಾಲ್ಕು ಸಲ ಸ್ಲೀಪರ್ ಟಿಕೆಟ್ ತೆಗೆಸಿದ್ದಳು. ನಾಲ್ಕು ಸಲವೂ ಯಾರದೋ ಮದುವೆ ಅಡ್ಡ ಬಂದು, ವಾರಕ್ಕೆ ಮುಂಚೆಯೇ ಸ್ಟೇಷನ್ನಿನ ಕೌಂಟರಿಗೆ ಹೋಗಿ ರದ್ದು ಮಾಡಿಸಿದ್ದಳು. ತಲೆಗೆ ನೂರಿಪ್ಪತ್ತು ರೂಪಾಯಿ ಮುರಿದುಕೊಂಡು ಉಳಿದದ್ದು ಕೈಗೆ ಬರುತ್ತಿತ್ತು. "ಹೋದದ್ದೇನು ಜೀಜಿ, ಎರಡು ಪ್ಲೇಟ್ ಚಾಟ್ ತಿಂದಂಗಾಯ್ತು ಅಷ್ಟೇ," ಎಂದು ಅವಳು ಸಮಾಧಾನ ಹೇಳುತ್ತಿದ್ದಳು. ಜೀಜಿ ಗಂಟು ಬಿಚ್ಚಿ ಸೀರೆಗಳನ್ನು ಮತ್ತೆ ಪೆಟ್ಟಿಗೆಯಲ್ಲಿಡುತ್ತಿದ್ದರು.

ಐದನೆಯ ಸಲ ರೈಲು ಮಂಗಳವಾರ ಸಂಜೆ ಐದಕ್ಕಿತ್ತು. ಭಾನುವಾರ ರಾತ್ರಿ ಊಟಕ್ಕೆ ಕೂತಾಗ ಫೋನು ಬಂತು. ಚಿನ್ನದ ಅಂಗಡಿಯ ಬಾಫ್ನಾ ಸೇಠರದ್ದು. ಇಷ್ಟು ವರ್ಷ ಹೆಂಗಸೆಂದು ಅವಳನ್ನು ಹತ್ತಿರಕ್ಕೂ ಕರೆಯದ ಮನೆ ಅದು. ಮಂಗಳವಾರ ರಾತ್ರಿ ಮಗನ ದಿಬ್ಬಣವಂತೆ, ನೂರೈವತ್ತು ಸಾಫಾ ಬೇಕಂತೆ.

"ನೀವೇ ಬರ್ಬೇಕು ಬಾಯಿ, ಬೇರೆ ಯಾರೂ ಬ್ಯಾಡ," ಅಂದರು ಸೇಠರು.

"ಬರ್ತೀನಿ ಸೇಠ್‌ಜೀ," ಎಂದಳು ಕಂಚನ್. ಜೀಜಿಯ ಮುಖ ನೋಡಲಾಗದೆ ತಟ್ಟೆ ನೋಡಿದಳು.

ಸೋಮವಾರ ಬೆಳಿಗ್ಗೆ ಕೌಂಟರಿನಲ್ಲಿ ಗುಮಾಸ್ತ ಭಾರ್ಗವ ಟಿಕೆಟ್ಟು ನೋಡಿ ಹೇಳಿದ, "ಬಾಯಿಸಾಬ್, ಈ ಸಲ ಕಾಲು ಭಾಗ ಹೋಗ್ತದೆ."

"ಯಾಕೆ? ನೂರಿಪ್ಪತ್ತು ಅಲ್ವಾ?"

"ಅದು ರೈಲು ಬಿಡೋಕೆ ನಲವತ್ತೆಂಟು ಗಂಟೆಗಿಂತ ಮುಂಚೆ ಬಂದ್ರೆ. ನಿನ್ನೆ ಸಂಜೆ ಐದಕ್ಕೇ ಅದು ಮುಗೀತು. ಈಗಿಂದ ಹನ್ನೆರಡು ಗಂಟೆ ಬಾಕಿ ಇರೋ ತನಕ ಕಾಲು ಭಾಗ. ಆಮೇಲೆ ಅರ್ಧ. ರೈಲಿಗೆ ನಾಲ್ಕು ಗಂಟೆನೂ ಬಾಕಿ ಇಲ್ದಾಗ ಬಂದ್ರೆ ಏನೂ ಇಲ್ಲ, ಕನ್ಫರ್ಮ್ ಟಿಕೆಟ್ಟಿಗೆ ದಮ್ಮಡೀನೂ ವಾಪಸ್ಸಿಲ್ಲ."

ಕಾಲು ಭಾಗ ಬಿಟ್ಟುಕೊಡಲು ಅವಳು ಒಪ್ಪಲಿಲ್ಲ. ನಾಳೆ ನೋಡೋಣ, ಸೇಠರ ಮನೆಯವರು ಮನಸ್ಸು ಬದಲಾಯಿಸಿದರೂ ಬದಲಾಯಿಸಿಯಾರು ಎಂದು ವಾಪಸು ಬಂದಳು. ಯಾರೂ ಮನಸ್ಸು ಬದಲಾಯಿಸಲಿಲ್ಲ. ಮಂಗಳವಾರ ಬೆಳಿಗ್ಗೆ ಅವಳು ಏಳುವ ಹೊತ್ತಿಗೆ ಅರ್ಧದ ಲೆಕ್ಕ ಶುರುವಾಗಿತ್ತು.

"ಆಯ್ತು, ಅರ್ಧ ಹೋದ್ರೆ ಹೋಗ್ಲಿ. ನಡೀರಿ ಜೀಜಿ, ರದ್ದು ಮಾಡಿಸ್ಕೊಂಡು ಬರೋಣ," ಎಂದಳು ಕಂಚನ್.

"ನಡಿ, ಬಂದೆ. ಟಿಕೆಟ್ಟು ನನ್ನ ಹತ್ರ ಇರ್ಲಿ, ನಿನ್ನ ಕೈ ಬೆವರ್ತದೆ," ಎಂದರು ಜೀಜಿ. ಗಂಟನ್ನೂ ಹೆಗಲಿಗೇರಿಸಿದರು.

"ಗಂಟು ಯಾಕೆ?"

"ಅಭ್ಯಾಸ ಆಗ್ಬಿಟ್ಟಿದೆ ಮಾರಾಯ್ತಿ, ಸ್ಟೇಷನ್ ಅಂದ್ರೆ ಕೈ ತಾನೇ ಹೋಗ್ತದೆ."

ಹನ್ನೆರಡಕ್ಕೆ ಕಂಚನ್ ಸಾಲಿನಲ್ಲಿ ನಿಂತಳು. ಜೀಜಿ ಗೋಡೆಯ ಬೆಂಚಿನ ಮೇಲೆ ಕಚೋರಿ ಮುರಿಯುತ್ತ ಕೂತರು. ಸಾಲು ತೆವಳಿತು; ಒಂದು ಹೊಡೆದರೆ ರೈಲಿಗೆ ನಾಲ್ಕೇ ಗಂಟೆ, ಆ ಅರ್ಧವೂ ಹೋದ ಹಾಗೆ. ಮುಂದೊಬ್ಬ ಮೂರು ಕುಟುಂಬಗಳ ಟಿಕೆಟ್ಟು ತೆಗೆಸುತ್ತಿದ್ದ. ಕೊನೆಗೆ ಒಂದಕ್ಕೆ ಹತ್ತು ನಿಮಿಷ ಇರುವಾಗ ಕಂಚನ್‌ಳ ಸರದಿ ಬಂತು. ಅವಳು ತಿರುಗಿ ಕೈ ಚಾಚಿದಳು. ಬೆಂಚು ಖಾಲಿ! ಜೀಜಿಯೂ ಇಲ್ಲ, ಗಂಟೂ ಇಲ್ಲ.

"ಟಿಕೆಟ್ಟು ಕೊಡಿ," ಎಂದ ಭಾರ್ಗವ.

"ನಮ್ಮ ಜೀಜಿ ಹತ್ರ ಅದೆ. ನೀನು ಮಾಡಿಬಿಡು ಭಯ್ಯಾ, ತಂದು ಕೊಡ್ತೀನಿ."

"ಕಾಗದ ಕೈಯಲ್ಲಿ ಇಲ್ದೆ ನಾನು ದುಡ್ಡು ಹೇಗೆ ಕೊಡ್ಲಿ?"

ಕಂಚನ್ ಓಡಿದಳು. ಚಹಾ ಅಂಗಡಿ, ನಲ್ಲಿಕಟ್ಟೆ, ಮೇಲ್ಸೇತುವೆ, ಎಲ್ಲ ಹುಡುಕಿದಳು. ಕೂಲಿಯವನೊಬ್ಬನ ಕೆಂಪು ರುಮಾಲು ಸಡಿಲವಾಗಿದ್ದದ್ದು ಕಂಡು, ಓಡುತ್ತಲೇ "ಅಣ್ಣಾ, ಗಟ್ಟಿ ಕಟ್ಟಪ್ಪಾ!" ಎಂದು ಕೂಗಿದಳು. ಕೊನೆಗೆ ಜೀಜಿ ಸಿಕ್ಕಿದ್ದು ಮಹಿಳೆಯರ ನಿರೀಕ್ಷಣಾ ಕೋಣೆಯಲ್ಲಿ. ಗಂಟಿನ ಮೇಲೆ ಕಾಲು ಚಾಚಿಕೊಂಡು ಗೋಡೆ ಗಡಿಯಾರ ನೋಡುತ್ತಿದ್ದರು. ಒಂದು ಹೊಡೆದು ಐದು ನಿಮಿಷವಾಗಿತ್ತು.

"ಬಂದ್ಯಾ? ತಗೋ ಟಿಕೆಟ್ಟು," ಅಂದರು ಜೀಜಿ.

"ಜೀಜಿ! ಈಗ ಇದಕ್ಕೆ ಏನೂ ಸಿಗಲ್ಲ!"

"ಗೊತ್ತು. ನಾಲ್ಕು ಸಲ ನಿನ್ನ ಹಿಂದೆ ನಿಂತು ಆ ಹುಡುಗ ಎಲ್ಲರಿಗೂ ಹೇಳೋದು ಕೇಳಿದ್ದೀನಲ್ಲ. ರೈಲಿಗೆ ನಾಲ್ಕು ಗಂಟೆನೂ ಇಲ್ದಿದ್ರೆ ಸೊನ್ನೆ. ಅದಕ್ಕೇ ಬಂದು ಕೂತ್ಕೊಂಡೆ."

ಕಂಚನ್ ಬೈಯಲೆಂದು ಬಾಯಿ ತೆರೆದಳು. ಹೊರಬಂದದ್ದು ನಗು. ಮೊದಲು ಸಣ್ಣಗೆ, ಆಮೇಲೆ ಪಕ್ಕೆ ಹಿಡಿದುಕೊಳ್ಳುವಷ್ಟು. ಕೋಣೆಯಲ್ಲಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು. "ಮುದುಕಿ, ಕಳ್ಳಿ! ನನ್ನ ಸೀರೆನೂ ತಂದಿದ್ದೀರಾ?" ಎಂದಳು. "ಗಂಟಿನಲ್ಲೇ ಅದೆ, ಹಸಿರದ್ದು, ಕಂದು ಬಣ್ಣದ್ದು, ಎರಡೂ," ಎಂದರು ಜೀಜಿ.

ಕೂತಲ್ಲಿಂದಲೇ ಕಂಚನ್ ಭೇರೂಲಾಲನಿಗೆ ಫೋನು ಹಚ್ಚಿದಳು. ಅವನು ಅವಳ ಜನ್ಮವೈರಿ, ಅವನ ಸಾಫಾಗಳು ಎಡಕ್ಕೆ ವಾಲುತ್ತವೆ ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದವಳೇ ಅವಳು. "ಬಾಫ್ನಾ ಮನೆ ಕೆಲ್ಸ ನಿಂದು. ವಾಲಿಸ್ಬೇಡ!" ಎಂದಳು. ಸೇಠರಿಗೂ ತಿಳಿಸಿ, ಅವರ ಸಿಟ್ಟು ಕೇಳಿಸದ ಹಾಗೆ ಫೋನು ದೂರ ಹಿಡಿದಳು.

ಆದರೆ ಐದಾದರೂ ರೈಲು ಬರಲಿಲ್ಲ. ಒಂದು ಗಂಟೆ ತಡ ಎಂದು ಕೂಗಿದರು, ಆಮೇಲೆ ಎರಡು. ಏಳರ ಹೊತ್ತಿಗೆ, ರೈಲು ಹೊರಡುವುದು ಮೂರೂವರೆ ಗಂಟೆ ತಡ ಎಂದು ಕೂಗಿದರು. ಪ್ಲಾಟ್‌ಫಾರಮ್ಮಿನಲ್ಲಿ ಒಬ್ಬ ಎದ್ದು, "ಮೂರು ಗಂಟೆ ಮೀರ್ತು! ಹೋಗದೇ ಇರೋರು ರೈಲು ಬಿಡೋ ಮುಂಚೆ ಟಿಕೆಟ್ಟು ಕೊಟ್ರೆ ಪೂರಾ ದುಡ್ಡು ವಾಪಸ್, ಪೈಸೆನೂ ಮುರಿಯಲ್ಲ!" ಎಂದು ಕೌಂಟರಿನತ್ತ ಓಡಿದ.

ಅಷ್ಟರಲ್ಲೇ ಸೇಠರ ಫೋನು. "ಬಾಯಿ, ಊರಲ್ಲೇ ಇದ್ದೀರಾ? ಈ ಭೇರೂಲಾಲ ಕಟ್ಟಿದ್ದು ನಮ್ಮಪ್ಪನ ಮೂಗಿನ ಮೇಲೆ ಬಂದು ಕೂತದೆ! ಬನ್ನಿ, ಎರಡರಷ್ಟು ಕೊಡ್ತೀನಿ."

ಜೀಜಿಯ ಮುಖ ಸಣ್ಣಗಾಯಿತು. ಅವರು ಟಿಕೆಟ್ಟನ್ನು ಕಂಚನ್‌ಳ ಅಂಗೈಯಲ್ಲಿಟ್ಟು, "ಹೋಗಮ್ಮಾ. ಈ ಮೂರು ಗಂಟೆ ಲೆಕ್ಕ ನಂಗೆ ಗೊತ್ತಿರ್ಲಿಲ್ಲ. ನಿನ್ನ ಹೆಸರಿನ ಪ್ರಶ್ನೆ," ಎಂದರು. ಹೇಳುತ್ತಲೇ ಗಂಟು ಎತ್ತಿಕೊಳ್ಳಲು ಬಗ್ಗಿದರು.

ಹಾಗೆ ಬಗ್ಗಿದ ಬೆನ್ನನ್ನು ಕಂಚನ್ ನೋಡಿದಳು. ಇಷ್ಟು ವರ್ಷ ರದ್ದು ಮಾಡುವುದು ಅವಳಿಗೆ ಅಗ್ಗವಾಗಿ ಕಂಡಿತ್ತು. ಈಗ ಪುಕ್ಕಟೆಯಾಗಿಯೇ ಎದುರು ನಿಂತಿತ್ತು. ಆದರೂ ಕೌಂಟರಿನ ಕಡೆಗೆ ಕಾಲೇಳಲಿಲ್ಲ.

"ಸೇಠ್‌ಜೀ," ಎಂದಳು ಫೋನಿಗೆ, "ಭೇರೂಲಾಲನಿಗೆ ಕೊಡಿ. ಹಾಂ, ಭೇರೂ? ಮೊದಲನೇ ಸುತ್ತು ಕಿವಿ ಮೇಲೆ ತಗೋ. ಮೇಲೆ ಕಣೋ, ಪಕ್ಕ ಅಲ್ಲ! ಎಡಗೈ ಹೆಬ್ಬೆರಳಲ್ಲಿ ಒತ್ತಿ ಹಿಡಿ. ಈಗ ಎಳಿ. ಮುದುಕಪ್ಪ ಉಸಿರಾಡ್ತಿದ್ದಾರಾ? ಹಾಗಾದ್ರೆ ಸರಿ."

ಅತ್ತ ಕಡೆ ಸೇಠರ ತಂದೆ "ಈಗ ಕಾಣಿಸ್ತಿದೆ!" ಎಂದದ್ದು ಜೀಜಿಗೂ ಕೇಳಿಸಿತು. ಗಂಟಿನ ಮೇಲೆ ಕುಸಿದು ಕೂತು ಅವರು ಕಣ್ಣೀರು ಬರುವ ತನಕ ನಕ್ಕರು.

ರೈಲು ಎಂಟೂವರೆಗೆ ಹೊರಟಿತು. ಪುರಿಯಲ್ಲಿ ದರ್ಶನ ಮುಗಿಸಿ ಅತ್ತಿಗೆ ನಾದಿನಿ ಕೈಕೈ ಹಿಡಿದು ದಂಡೆಗೆ ಇಳಿದರು. ಮೊದಲ ಅಲೆ ಪಾದ ತೊಳೆಯಿತು. ಎರಡನೆಯದು ಇಬ್ಬರನ್ನೂ ಮರಳಿನ ಮೇಲೆ ಕುಕ್ಕರಿಸಿತು.

"ಏಳಿ ಜೀಜಿ, ಮಂಡಿ!"

"ಮಂಡಿ ಅದರ ಪಾಡಿಗೆ ಇರ್ಲಿ. ಇನ್ನೊಂದು ಬರ್ತಾ ಅದೆ ನೋಡು, ಇದು ದೊಡ್ಡದು!"